63 ಡಿಗ್ರಿ, ಅರ್ಧ ಗಂಟೆ: ಒಲೆಯ ಮೇಲೆ ಹಾಲಿನ ಪಾಶ್ಚರೀಕರಣ

ಪ್ಯಾಕೆಟ್ ಹಾಲು ಡೇರಿಯಲ್ಲೇ ಪಾಶ್ಚರೀಕರಣವಾಗಿ ಬಂದಿರುತ್ತದೆ. ಕೊಟ್ಟಿಗೆಯಿಂದ ನೇರವಾಗಿ ಹಸಿ ಹಾಲು ತರುವವರಿಗಾಗಿ ಈ ವಿವರ. ಹಾಲನ್ನು ಕುದಿಸದೆ, ಗೊತ್ತಾದ ಬಿಸಿಯಲ್ಲಿ ಗೊತ್ತಾದಷ್ಟು ಹೊತ್ತು ಇಟ್ಟು ರೋಗಾಣುಗಳನ್ನು ಕೊಲ್ಲುವುದೇ ಪಾಶ್ಚರೀಕರಣ. ದನದ ಕ್ಷಯ, ಬ್ರುಸೆಲ್ಲೋಸಿಸ್ ಎಂಬ ಬಿಟ್ಟುಬಿಟ್ಟು ಕಾಡುವ ಜ್ವರ, ಇವೆಲ್ಲ ಹಸಿ ಹಾಲಿನಿಂದ ನಮಗೆ ದಾಟಬಲ್ಲವು.

ಹಾಗಾದರೆ ಕುದಿಸಿದರೆ ಸಾಲದೇ? ಕಾಫಿಗೆ, ಕುಡಿಯಲು ಧಾರಾಳವಾಗಿ ಸಾಕು. ಆದರೆ ರೆನೆಟ್, ಅಂದರೆ ಹಾಲನ್ನು ಗಟ್ಟಿಯಾಗಿಸುವ ಕಿಣ್ವ ಹಾಕಿ ಚೀಸ್ ಮಾಡುವವರಿಗೆ ಕುದಿಸಿದ ಹಾಲು ಕೈಕೊಡುತ್ತದೆ, ಸರಿಯಾಗಿ ಗಟ್ಟಿಯಾಗುವುದಿಲ್ಲ. ಕಾದ ಹಾಲಿನ ವಾಸನೆ ಒಗ್ಗದವರಿಗೂ ಪಾಶ್ಚರೀಕರಣವೇ ಸರಿ.

ಎರಡು ಲೀಟರ್ ಹಾಲು ಎಂದುಕೊಳ್ಳಿ. ಸೋಸಿ, ಸ್ಟೀಲ್ ಪಾತ್ರೆಗೆ ಹಾಕಿ. ಆ ಪಾತ್ರೆಯನ್ನು ನೀರಿರುವ ಇನ್ನೊಂದು ದೊಡ್ಡ ಪಾತ್ರೆಯೊಳಗಿಟ್ಟು ಒಲೆ ಹಚ್ಚಿ. ನೇರ ಉರಿಯಾದರೆ ತಳ ಹಿಡಿಯುತ್ತದೆ, ಬಿಸಿಯೂ ಹತೋಟಿಗೆ ಸಿಗುವುದಿಲ್ಲ. ಥರ್ಮಾಮೀಟರಿನ ತುದಿ ಹಾಲಿನ ನಡುವೆ ಇರಲಿ, ತಳಕ್ಕೆ ತಾಗದಿರಲಿ. ಸೌಟಿನಿಂದ ಆಗಾಗ ತಿರುವುತ್ತಿರಿ.

63 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ ಗಡಿಯಾರ ನೋಡಿ, ಅದಕ್ಕೂ ಮೊದಲಿನ ಹೊತ್ತು ಲೆಕ್ಕಕ್ಕಿಲ್ಲ. ಅಲ್ಲಿಂದ ಪೂರ್ತಿ 30 ನಿಮಿಷ ಬಿಸಿ ಇಳಿಯಬಾರದು. ನಡುವೆ 62ಕ್ಕೆ ಜಾರಿತೇ? ಮತ್ತೆ 63ಕ್ಕೆ ಏರಿಸಿ, ಎಣಿಕೆಯನ್ನು ಮೊದಲಿನಿಂದ ಶುರುಮಾಡಿ. ಈ ತಾಪತ್ರಯ ಬೇಡವೆಂದರೆ ಸಣ್ಣ ಉರಿಯಲ್ಲಿ 65ರ ಆಸುಪಾಸು ನಿಲ್ಲಿಸಿಕೊಳ್ಳಿ. ಮೇಲಿನ ನೊರೆ ಹಾಲಿಗಿಂತ ತಣ್ಣಗಿರುತ್ತದೆ, ಆದ್ದರಿಂದ ಅದನ್ನು ತೆಗೆದುಬಿಡಿ, ಪಾತ್ರೆ ಮುಚ್ಚಿಡಿ. 72 ಡಿಗ್ರಿಯಲ್ಲಿ 15 ಸೆಕೆಂಡ್ ಎಂಬ ಡೇರಿ ಲೆಕ್ಕವೂ ಇದೆ. ಅದು ಹಾಲು ತೆಳುವಾಗಿ ಹರಿಯುವ ಯಂತ್ರಕ್ಕೆ ಹೊಂದುತ್ತದೆ. ಮನೆಯ ಪಾತ್ರೆಯಲ್ಲಿ ಹಾಲೆಲ್ಲ ಒಂದೇ ಬಿಸಿಗೆ ಬಂದಿದೆಯೆಂದು ಅಷ್ಟು ಬೇಗ ನಂಬಲಾಗದು.

ಇನ್ನು ತಣಿಸುವುದು. ಕೆಲವು ಬ್ಯಾಕ್ಟೀರಿಯಾಗಳ ಗಟ್ಟಿ ಬೀಜಾಣುಗಳು ಈ ಬಿಸಿಗೆ ಸಾಯುವುದಿಲ್ಲ. ಹಾಲು ತಾನಾಗಿ ಆರಲೆಂದು ಬಿಟ್ಟರೆ ಆ ಉಗುರುಬೆಚ್ಚಗಿನ ಹೊತ್ತಿನಲ್ಲೇ ಅವು ಮೊಳೆತು ಹೆಚ್ಚುತ್ತವೆ. ಆದ್ದರಿಂದ ಪಾತ್ರೆಯನ್ನು ತಣ್ಣೀರಲ್ಲಿಟ್ಟು ತಿರುವಿ, ನೀರು ಬೆಚ್ಚಗಾದರೆ ಬದಲಿಸಿ, ಕೊನೆಗೆ ಐಸ್ ಹಾಕಿದ ನೀರಲ್ಲಿಡಿ. ಕುದಿನೀರಲ್ಲಿ ತೊಳೆದ ಬಾಟಲಿಗೆ ತುಂಬಿ 4 ಡಿಗ್ರಿಯ ಫ್ರಿಜ್‌ನಲ್ಲಿಡಿ. ಹಸಿ ಹಾಲು ಮುಟ್ಟಿದ ಸೌಟನ್ನು ಈಗ ಬಳಸಬೇಡಿ.

ಖರ್ಚು ಥರ್ಮಾಮೀಟರಿನದು ಮಾತ್ರ. ಉದ್ದ ಕಡ್ಡಿಯ ಡಿಜಿಟಲ್ ಥರ್ಮಾಮೀಟರ್ ಕೆಲವು ನೂರು ರೂಪಾಯಿಗೆ ಬೇಕರಿ ಸಾಮಾನಿನ ಅಂಗಡಿಗಳಲ್ಲಿ, ಆನ್‌ಲೈನ್‌ನಲ್ಲಿ ಸಿಗುತ್ತದೆ. ಜ್ವರ ನೋಡುವುದು ಇಲ್ಲಿಗೆ ಬಾರದು, ಅದರ ಅಳತೆ 42ರ ಸುಮಾರಿಗೆ ಮುಗಿಯುತ್ತದೆ. ತಂದ ಮೇಲೆ ಐಸ್ ಹೆಚ್ಚಿಗೆ ಇರುವ ನೀರಲ್ಲಿ ಅದ್ದಿ ನೋಡಿ, ಸೊನ್ನೆ ತೋರಬೇಕು. ಕುದಿನೀರಲ್ಲಿ ಪರೀಕ್ಷಿಸುವವರು ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97ಕ್ಕೇ ಕುದಿಯುತ್ತದೆಂಬುದನ್ನು ಮರೆಯಬಾರದು.

ಥರ್ಮಾಮೀಟರ್ ಕೆಟ್ಟ ದಿನ ಕೈಯಂದಾಜಿಗೆ ಹೋಗಬೇಡಿ, ಹಾಲನ್ನು ಕುದಿಸಿಬಿಡಿ.