ರಂಗಪ್ರವೇಶದ ಫೋಟೋಗ್ರಾಫರ್ ಎಂದರೆ ಯಾರ ಹೆಸರು ನೆನಪಾಗಬೇಕು?

ಬೆಂಗಳೂರಿನ ಫೋಟೋಗ್ರಾಫರ್‌ಗಳ ಇನ್‌ಸ್ಟಾಗ್ರಾಂ ಪುಟಗಳನ್ನು ಒಂದರ ಹಿಂದೆ ಒಂದು ತೆರೆದು ನೋಡಿದರೆ ಪರಿಚಯದ ಸಾಲು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಮದುವೆ, ನಾಮಕರಣ, ಪ್ರೀ-ವೆಡ್ಡಿಂಗ್, ಪ್ರಾಡಕ್ಟ್, ಫ್ಯಾಷನ್, ಈವೆಂಟ್. ಕೆಳಗೆ ‘ನಿಮ್ಮ ಅಮೂಲ್ಯ ಕ್ಷಣಗಳನ್ನು ಸೆರೆಹಿಡಿಯುತ್ತೇವೆ’. ಇವರಲ್ಲಿ ಕೆಲಸ ಬಲ್ಲವರು ಬಹಳ ಮಂದಿ ಇದ್ದಾರೆ. ಆದರೆ ಫೋಟೋ ತೆಗೆಸಬೇಕಾದವರಿಗೆ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸ ಕಾಣದಿದ್ದಾಗ ಅವರು ಕೇಳುವುದು ಒಂದೇ ಪ್ರಶ್ನೆ: ‘ರೇಟ್ ಎಷ್ಟು?’

ಇದಕ್ಕೆ ಜಾಹೀರಾತು ಲೋಕ ಹಳೆಯ ಉತ್ತರವೊಂದನ್ನು ಕೊಟ್ಟಿದೆ. ಆಲ್ ರೀಸ್ ಮತ್ತು ಜ್ಯಾಕ್ ಟ್ರೌಟ್ ಎಂಬ ಅಮೆರಿಕದ ಇಬ್ಬರು 1981ರಲ್ಲಿ ‘ಪೊಸಿಷನಿಂಗ್’ ಎಂಬ ಪುಸ್ತಕ ಬರೆದರು. ಸರಕು ಎಷ್ಟು ಚೆನ್ನಾಗಿದೆ ಎನ್ನುವುದರ ಜೊತೆಗೆ, ಗಿರಾಕಿಯ ತಲೆಯಲ್ಲಿ ಅದಕ್ಕೆ ಯಾವ ಜಾಗ ಸಿಕ್ಕಿದೆ ಎನ್ನುವುದೂ ವ್ಯಾಪಾರವನ್ನು ನಿರ್ಧರಿಸುತ್ತದೆ ಎಂಬುದು ಅವರ ವಾದ. ಹತ್ತು ವರ್ಷದ ನಂತರ ಜೆಫ್ರಿ ಮೂರ್ ಎಂಬುವರು ಆ ಜಾಗವನ್ನು ಒಂದೆರಡು ವಾಕ್ಯದಲ್ಲಿ ಬರೆದಿಡುವ ಚೌಕಟ್ಟನ್ನು ಕೊಟ್ಟರು. ಇದು ಯಾರಿಗಾಗಿ, ಅವರ ತೊಂದರೆ ಏನು, ಇದು ಯಾವ ಬಗೆಯ ಸೇವೆ, ಇದರಿಂದ ಅವರಿಗೆ ಏನು ಸಿಗುತ್ತದೆ, ಉಳಿದವರಿಗಿಂತ ಎಲ್ಲಿ ಬೇರೆ ಎಂಬುದಷ್ಟೂ ಅದರಲ್ಲಿ ಬರಬೇಕು.

ಛಾಯಾಗ್ರಹಣದಲ್ಲಿ ಹೀಗೆ ಜಾಗ ಹಿಡಿದವರಿದ್ದಾರೆ. ದೆಹಲಿಯ ಅವಿನಾಶ್ ಪಸ್ರೀಚಾ ಎಂದರೆ ಶಾಸ್ತ್ರೀಯ ಸಂಗೀತ, ನೃತ್ಯದ ಚಿತ್ರಗಳೇ ಕಣ್ಣಮುಂದೆ ಬರುತ್ತವೆ. ನ್ಯೂಯಾರ್ಕಿನ ಲೋಯಿಸ್ ಗ್ರೀನ್‌ಫೀಲ್ಡ್ 1970ರ ದಶಕದಲ್ಲಿ ಪತ್ರಿಕೆಗಳಿಗೆ ನೃತ್ಯದ ಚಿತ್ರ ತೆಗೆಯುತ್ತಿದ್ದರು. ಬರಬರುತ್ತಾ ರಂಗದ ಮೇಲಿನ ಪ್ರಯೋಗವನ್ನು ದಾಖಲಿಸುವ ಕೆಲಸದಿಂದ ಸರಿದು, ಸ್ಟುಡಿಯೋದಲ್ಲಿ ನರ್ತಕರು ಗಾಳಿಯಲ್ಲಿರುವ ಆ ಒಂದು ಗಳಿಗೆಯನ್ನೇ ತಮ್ಮ ವಿಷಯ ಮಾಡಿಕೊಂಡರು. ನೃತ್ಯ ಎಂಬ ಸಣ್ಣ ಕ್ಷೇತ್ರದೊಳಗೂ ಅವರು ಇನ್ನೂ ಸಣ್ಣದೊಂದನ್ನು ಆರಿಸಿಕೊಂಡರು. ಅವರ ಹೆಸರು ಉಳಿದದ್ದು ಅದರಿಂದಲೇ.

ಬೆಂಗಳೂರಿನ ಒಬ್ಬ ಫ್ರೀಲ್ಯಾನ್ಸರ್ ಇದೇ ದಾರಿಯಲ್ಲಿ ಯೋಚಿಸುತ್ತಾರೆ ಎಂದಿಟ್ಟುಕೊಳ್ಳಿ. ನಾಲ್ಕೈದು ವರ್ಷ ಮದುವೆ ತೆಗೆದ ಅನುಭವವಿದೆ, ಚಿಕ್ಕಂದಿನಲ್ಲಿ ಭರತನಾಟ್ಯ ಕಲಿತ ತಾಳಜ್ಞಾನವೂ ಇದೆ. ‘ನೃತ್ಯ ಛಾಯಾಗ್ರಹಣ’ ಎಂದರೆ ಇನ್ನೂ ಅಗಲವಾಯಿತು. ಬಾಲಿವುಡ್ ಡ್ಯಾನ್ಸ್ ಕ್ಲಾಸಿನವರಿಗೂ ನೃತ್ಯೋತ್ಸವದ ಸಂಘಟಕರಿಗೂ ಬೇಕಾದದ್ದು ಬೇರೆ ಬೇರೆ. ಮಗಳ ರಂಗಪ್ರವೇಶ ಮಾಡಿಸುವ ತಂದೆತಾಯಿ ಎಂದಾಗ ಗಿರಾಕಿಯ ಮುಖ ಸ್ಪಷ್ಟವಾಗುತ್ತದೆ. ಅವರು ಸಭಾಂಗಣ, ಪಕ್ಕವಾದ್ಯ, ರೇಷ್ಮೆ ಉಡುಪು, ಆಹ್ವಾನಪತ್ರಿಕೆಗೆಂದು ತಿಂಗಳುಗಟ್ಟಲೆ ಓಡಾಡಿರುತ್ತಾರೆ. ಫೋಟೋಗೂ ಹಣ ತೆಗೆದಿಟ್ಟಿರುತ್ತಾರೆ. ಆ ಸಂಜೆ ಮತ್ತೊಮ್ಮೆ ಬರುವುದಿಲ್ಲ.

ಅವರ ತೊಂದರೆ ಏನೆಂದು ತಿಳಿಯಬೇಕಾದರೆ ಸೇವಾಸದನದಲ್ಲೋ ಎಡಿಎ ರಂಗಮಂದಿರದಲ್ಲೋ ಒಂದು ಕಾರ್ಯಕ್ರಮ ಪೂರ್ತಿ ಕುಳಿತು ನೋಡಬೇಕು. ವರ್ಣ ನಡೆಯುತ್ತಿರುತ್ತದೆ. ಜತಿಯ ಕೊನೆಯ ತೀರ್ಮಾನಕ್ಕೆ ಹುಡುಗಿ ಅರೆಮಂಡಿಯಲ್ಲಿ ಕೂತು, ಕೈ ಚಾಚಿ, ದೃಷ್ಟಿಯನ್ನು ಬೆರಳ ತುದಿಗೆ ಒಯ್ಯುತ್ತಾಳೆ. ಸೀರೆಯ ಬೀಸಣಿಗೆ ಪೂರ್ತಿ ಅರಳಿರುತ್ತದೆ. ಅದು ನಿಲ್ಲುವುದು ಕ್ಷಣಮಾತ್ರ. ತಾಳ ಗೊತ್ತಿಲ್ಲದವರು ಅದನ್ನು ಕಣ್ಣಲ್ಲಿ ಕಂಡ ಮೇಲೆ ಬಟನ್ ಒತ್ತುತ್ತಾರೆ. ಅಷ್ಟರಲ್ಲಿ ಮಂಡಿ ಮೇಲೆದ್ದಿರುತ್ತದೆ, ಮುದ್ರೆ ಸಡಿಲವಾಗಿರುತ್ತದೆ. ಮನೆಯವರ ಕಣ್ಣಿಗೆ ಚಿತ್ರ ಚೆನ್ನಾಗಿಯೇ ಇರುತ್ತದೆ. ಗುರುಗಳು ಮಾತ್ರ ‘ಇದು ಬೇಡ’ ಎನ್ನುತ್ತಾರೆ. ತೀರ್ಮಾನ ಬರುತ್ತಿದೆ ಎಂದು ನಟ್ಟುವಾಂಗ ಕೇಳಿಯೇ ಅರಿಯುವವರು ಒಂದು ಮಾತ್ರೆ ಮೊದಲೇ ಸಿದ್ಧರಾಗಿರುತ್ತಾರೆ.

ಇನ್ನೊಂದು ತೊಂದರೆ ಸದ್ದು ಮತ್ತು ಬೆಳಕಿನದು. ಪದದ ಅಭಿನಯ ನಡೆಯುವಾಗ ಫ್ಲ್ಯಾಶ್ ಮಿಂಚಿದರೆ, ಶಟರ್ ಟಕಟಕ ಎಂದರೆ ರಸಭಂಗ. ಮಿರರ್‌ಲೆಸ್ ಕ್ಯಾಮೆರಾದ ಎಲೆಕ್ಟ್ರಾನಿಕ್ ಶಟರ್ ಸದ್ದು ಮಾಡುವುದಿಲ್ಲ, ನಿಜ. ಆದರೆ ರಂಗದ ಎಲ್‌ಇಡಿ ದೀಪಗಳ ಕೆಳಗೆ ಅದೇ ಶಟರ್ ಚಿತ್ರದ ಮೇಲೆ ಅಡ್ಡಪಟ್ಟಿಗಳನ್ನು ಮೂಡಿಸಬಹುದು. ಕಡುಕೆಂಪು ದೀಪ ಬಿದ್ದರೆ ಮುಖದ ಭಾವವೆಲ್ಲ ಕೆಂಪಿನಲ್ಲಿ ಕರಗಿಹೋಗುತ್ತದೆ. ಹಾಗಾಗಿ ಸ್ಟೇಜ್ ರಿಹರ್ಸಲ್‌ಗೆ ಹೋಗಿ, ಅದೇ ದೀಪಗಳಡಿ ಹತ್ತು ಚಿತ್ರ ತೆಗೆದು ನೋಡಿ, ಲೈಟಿಂಗ್‌ನವರ ಜೊತೆ ಎರಡು ಮಾತಾಡಿ ಬರುವುದು ಈ ಕೆಲಸದ ಭಾಗ. ಮದುವೆಯ ಪ್ಯಾಕೇಜಿನಲ್ಲಿ ಇಂಥದ್ದೊಂದು ಸಾಲು ಇರುವುದಿಲ್ಲ.

ಇಷ್ಟು ತಿಳಿದ ಮೇಲೆ ವಾಕ್ಯ ತಾನಾಗಿ ಬರುತ್ತದೆ: ‘ಬೆಂಗಳೂರಿನಲ್ಲಿ ರಂಗಪ್ರವೇಶ ಮಾಡಿಸುವ ಮನೆಯವರಿಗೆ, ತಾಳ ಬಲ್ಲವರು ತೆಗೆದ ಭರತನಾಟ್ಯದ ಚಿತ್ರಗಳು. ಫ್ಲ್ಯಾಶ್ ಇಲ್ಲ, ಸದ್ದಿಲ್ಲ. ರಿಹರ್ಸಲ್‌ಗೂ ಬರುತ್ತೇವೆ, ಗುರುಗಳು ಒಪ್ಪಿದ ಚಿತ್ರವಷ್ಟೇ ಆಲ್ಬಂಗೆ.’ ಇನ್‌ಸ್ಟಾಗ್ರಾಂ ಪರಿಚಯಕ್ಕೆ 150 ಅಕ್ಷರಗಳ ಮಿತಿಯಿದೆ, ಅಲ್ಲಿಗೆ ಇದನ್ನು ಇನ್ನೂ ಮೊಟಕು ಮಾಡಬೇಕು. ಆದರೂ ಯಾರಿಗಾಗಿ ಎನ್ನುವುದನ್ನು ಮಾತ್ರ ಬಿಡಬಾರದು.

ವಾಕ್ಯ ಗಟ್ಟಿಯೇ ಎಂದು ನೋಡಲು ಸುಲಭದ ಪರೀಕ್ಷೆಯಿದೆ. ಅದನ್ನು ಪಕ್ಕದ ಸ್ಟುಡಿಯೋದವರ ಪುಟಕ್ಕೆ ಹಾಕಿದರೂ ನಿಜವಾಗಿಯೇ ಉಳಿಯುತ್ತದೆ ಎಂದಾದರೆ ಆ ವಾಕ್ಯ ಪೊಳ್ಳು. ‘ಉತ್ತಮ ಗುಣಮಟ್ಟ’, ‘ಕೈಗೆಟುಕುವ ದರ’ ಅಲ್ಲೇ ಬಿದ್ದುಹೋಗುತ್ತವೆ. ಮೇಲಿನ ವಾಕ್ಯ ನಿಲ್ಲುತ್ತದೆ. ಏಕೆಂದರೆ ಗುರುಗಳ ಒಪ್ಪಿಗೆ ಪಡೆಯುತ್ತೇನೆ ಎಂದು ಎಲ್ಲರೂ ಧೈರ್ಯವಾಗಿ ಬರೆಯಲಾರರು.

ಹೆಚ್ಚಿನವರು ಎಡವುವುದು ಈ ಹಂತದ ನಂತರ. ವಾಕ್ಯ ಬದಲಾಗುತ್ತದೆ, ಚಿತ್ರಗಳು ಬದಲಾಗುವುದಿಲ್ಲ. ರಂಗಪ್ರವೇಶ ಎಂದು ಓದಿ ಬಂದ ತಾಯಿಗೆ ಮೊದಲು ಕಾಣುವುದು ಧಾರೆಯ ಚಿತ್ರಗಳಾದರೆ ನಂಬಿಕೆ ಹುಟ್ಟುವುದು ಹೇಗೆ? ಹೊಸಬರ ಹತ್ತಿರ ನೃತ್ಯದ ಚಿತ್ರಗಳೇ ಇಲ್ಲದಿದ್ದರೆ, ಒಂದೆರಡು ನೃತ್ಯಶಾಲೆಗಳ ವಾರ್ಷಿಕೋತ್ಸವವನ್ನೋ ಗೆಜ್ಜೆಪೂಜೆಯನ್ನೋ ಅನುಮತಿ ಕೇಳಿ ತೆಗೆದುಕೊಡಬಹುದು. ಬದಲಿಗೆ ದುಡ್ಡು ಕೇಳದೆ, ಗುರುಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಯಾವುದು ಸರಿ, ಯಾವುದು ತಪ್ಪು’ ಎಂದು ಕೇಳಬೇಕು. ಮಕ್ಕಳ ಚಿತ್ರಗಳನ್ನು ಪುಟಕ್ಕೆ ಹಾಕುವ ಮುನ್ನ ಮನೆಯವರ ಒಪ್ಪಿಗೆ ಬರವಣಿಗೆಯಲ್ಲಿರಲಿ. ಒಂದು ಹುಡುಗಿಗೆ ಒಂದೇ ರಂಗಪ್ರವೇಶ. ಅವಳ ಗುರುಗಳ ಬಳಿ ಮುಂದಿನ ವರ್ಷಕ್ಕೆ ಮತ್ತಿಬ್ಬರು ತಯಾರಾಗುತ್ತಿರುತ್ತಾರೆ. ಈ ಕ್ಷೇತ್ರದಲ್ಲಿ ಮರಳಿ ಬರುವ ಗಿರಾಕಿ ಎಂದರೆ ಗುರು.

ತೀರಾ ಕಿರಿದಾಗುವ ಅಪಾಯವೂ ಇದೆ, ಅದನ್ನು ಲೆಕ್ಕ ಹಾಕಿಯೇ ತಿಳಿಯಬೇಕು. ವರ್ಷಕ್ಕೆ 24 ರಂಗಪ್ರವೇಶ, ಒಂದಕ್ಕೆ 30,000 ರೂಪಾಯಿ ಎಂದು ಹಿಡಿದರೆ 7,20,000 ಆಯಿತು. ಅದರಲ್ಲಿ ಆಲ್ಬಂ, ಸಹಾಯಕರ ಸಂಬಳ, ಲೆನ್ಸಿನ ಕಂತು ಕಳೆಯಬೇಕು. ತಿಂಗಳಿಗೆ ಎರಡು ಸಿಗುವಷ್ಟು ರಂಗಪ್ರವೇಶಗಳು ನಡೆಯುತ್ತವೆಯೇ ಎಂಬುದನ್ನು ಊಹಿಸಬಾರದು. ಪತ್ರಿಕೆಯ ‘ಇಂದಿನ ಕಾರ್ಯಕ್ರಮ’ ಅಂಕಣ ಮತ್ತು ಸಭಾಂಗಣಗಳ ಪಟ್ಟಿ ನೋಡಿ ಮೂರು ತಿಂಗಳು ಎಣಿಸಬೇಕು. ಬೆಂಗಳೂರಿನಲ್ಲಿ ಸಾಕಾಗುವ ಕ್ಷೇತ್ರ ಹಾಸನದಲ್ಲಿ ಸಾಲದಿರಬಹುದು. ಅಲ್ಲಿ ‘ಶಾಸ್ತ್ರೀಯ ನೃತ್ಯ, ಸಂಗೀತ’ ಎಂದು ಸ್ವಲ್ಪ ಅಗಲ ಮಾಡಿಕೊಳ್ಳುವುದೇ ವಿವೇಕ. ಎಣಿಕೆ ಕಡಿಮೆ ಬಂದರೆ ಮದುವೆಯ ಕೆಲಸ ಬಿಡಬೇಕಿಲ್ಲ. ಅದು ಬೇರೆ ಹೆಸರಿನ, ಬೇರೆ ಪುಟದಲ್ಲಿ ನಡೆಯಲಿ.

ಫಲ ಸಿಗುತ್ತಿದೆಯೇ ಎಂಬುದು ಬರುವ ಕರೆಗಳಲ್ಲೇ ಗೊತ್ತಾಗುತ್ತದೆ. ಯಾರು ಕಳಿಸಿದರು, ಮೊದಲು ಏನು ಕೇಳಿದರು ಎಂದು ಪ್ರತಿ ಕರೆಯದ್ದೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ದರಕ್ಕಿಂತ ಮೊದಲು ‘ಆ ಭಾನುವಾರ ಖಾಲಿ ಇದ್ದೀರಾ?’ ಎಂದು ಕೇಳುವವರು ಹೆಚ್ಚಾದರೆ ಜಾಗ ಸಿಕ್ಕಿದೆ. ಹೊಸ ವಾಕ್ಯ ಬರೆದಿಟ್ಟುಕೊಂಡಿರುವ ಫೋಟೋಗ್ರಾಫರ್‌ಗಳು ಅದನ್ನು ಪುಟಕ್ಕೆ ಏರಿಸುವ ಮೊದಲು ಇಬ್ಬರು ಗುರುಗಳಿಗೂ ಮೂವರು ತಾಯಂದಿರಿಗೂ ಓದಿ ಹೇಳಲಿ. ಅವರು ‘ಹಾಗಂದ್ರೆ ಏನು?’ ಎಂದು ಕೇಳಿದ ಪದಗಳನ್ನು ಅಲ್ಲೇ ಹೊಡೆದುಹಾಕಲಿ.