ಪ್ರಶ್ನಾವಳಿಯ ಸಾಧನಗಳೂ ಉತ್ತರಗಳ ಮಿತಿಯೂ

ಮುಂಬಯಿಯ ಕನ್ನಡ ಮನೆಗಳಲ್ಲಿ ಆಡುವ ಭಾಷೆಗಳನ್ನು ಅರಿಯಲು ವಿದ್ಯಾರ್ಥಿಯೊಬ್ಬನು ಸರ್ವೆಮಂಕಿಯ ಶುಲ್ಕರಹಿತ ಯೋಜನೆಯನ್ನು ಆಯ್ದುಕೊಂಡನೆಂದು ಭಾವಿಸೋಣ. 2024ರಲ್ಲಿ ಆ ಯೋಜನೆಯಲ್ಲಿ ಪ್ರಶ್ನೆಗಳು 10ನ್ನು ಮೀರುವಂತಿರಲಿಲ್ಲ. ನೋಡಲು ದೊರೆಯುತ್ತಿದ್ದುದು 25 ಉತ್ತರಗಳು ಮಾತ್ರ. 120 ಮಂದಿ ಉತ್ತರಿಸಿದರೆ 95 ಮಂದಿಯ ಉತ್ತರಗಳು ಬಂದೂ ಮರೆಯಲ್ಲಿಯೇ ಉಳಿಯುತ್ತಿದ್ದವು. ಮೊದಲು ಉತ್ತರಿಸುವವರು ಸಾಮಾನ್ಯವಾಗಿ ಗೆಳೆಯರೂ ಸಹಪಾಠಿಗಳೂ ಆದುದರಿಂದ, ಕಣ್ಣಿಗೆ ಬಿದ್ದ ಆ 25ನ್ನು ಸಮುದಾಯದ ಮಾದರಿಯೆನ್ನಲು ಬಾರದು. ಉತ್ತರಗಳನ್ನು ಕಡತವಾಗಿ ಇಳಿಸಿಕೊಳ್ಳುವ ಸೌಕರ್ಯವಂತೂ ಹಣ ತೆತ್ತವರಿಗೇ ಮೀಸಲಾಗಿತ್ತು.

ಗೂಗಲ್ ಫಾರ್ಮ್ಸ್‌ನಲ್ಲಿ ಈ ಬಗೆಯ ಅಡ್ಡಿಯಿಲ್ಲ. ತೊಡಕು ಬೇರೆಡೆ ಇದೆ. ಒಂದಕ್ಕಿಂತ ಹೆಚ್ಚು ಉತ್ತರಗಳನ್ನು ಗುರುತಿಸಬಹುದಾದ ಪ್ರಶ್ನೆಯ ಉತ್ತರಗಳೆಲ್ಲವೂ ಕೋಷ್ಟಕದ ಒಂದೇ ಮನೆಯಲ್ಲಿ ಅಲ್ಪವಿರಾಮದಿಂದ ಬೇರ್ಪಟ್ಟು ಬರುತ್ತವೆ. ‘ಕನ್ನಡ’ ಎಂಬುದು ಒಂದು ಆಯ್ಕೆ, ‘ತುಳು, ಕೊಂಕಣಿ ಮುಂತಾದುವು’ ಎಂಬುದು ಮತ್ತೊಂದು ಆಯ್ಕೆ ಎಂದಿಟ್ಟುಕೊಳ್ಳೋಣ. ಎರಡನ್ನೂ ಗುರುತಿಸಿದವನ ಉತ್ತರವನ್ನು ಅಲ್ಪವಿರಾಮದಲ್ಲಿ ಒಡೆದರೆ ಮೂರು ತುಂಡುಗಳಾಗುತ್ತವೆ. ಎಣಿಕೆ ಸದ್ದಿಲ್ಲದೆ ತಪ್ಪುತ್ತದೆ. ಆದಕಾರಣ ಆಯ್ಕೆಯ ಮಾತಿನೊಳಗೆ ಅಲ್ಪವಿರಾಮ ಸಲ್ಲದು. ತುಳುವಿಗೂ ಕೊಂಕಣಿಗೂ ಪ್ರತ್ಯೇಕ ಆಯ್ಕೆಗಳನ್ನಿಡುವುದೇ ಲೇಸು.

ಇನ್ನು ಇಳಿಸಿಕೊಂಡ ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದಾಗ ಕನ್ನಡ ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುವುದುಂಟು. ದತ್ತಾಂಶವೇನೂ ಕೆಟ್ಟಿರುವುದಿಲ್ಲ. ಕಡತವನ್ನು ಆಮದು ಮಾಡಿಕೊಳ್ಳುವಾಗ ಲಿಪಿಸಂಕೇತವನ್ನು UTF-8 ಎಂದು ಸೂಚಿಸಿದರೆ ಅಕ್ಷರಗಳು ಸರಿಯಾಗಿ ಮೂಡುತ್ತವೆ.

ಪ್ರಶ್ನಾವಳಿಯನ್ನು ಹಂಚುವ ಮುನ್ನವೇ ನಾಲ್ಕಾರು ಕೃತಕ ಉತ್ತರಗಳನ್ನು ತುಂಬಿ, ಕಡತವನ್ನಿಳಿಸಿ, ಕೈಯಿಂದ ಎಣಿಸಿ ತಾಳೆನೋಡಿದರೆ ಈ ದೋಷಗಳು ಅಲ್ಲಿಯೇ ಬಯಲಾಗುತ್ತವೆ.