ಕೀಲುನೋವು ಇಳಿದಾಗ ಕೊಲೆಸ್ಟ್ರಾಲ್ ಏರುವುದೇಕೆ?

ರುಮಟಾಯ್ಡ್ ಸಂಧಿವಾತಕ್ಕೆ ಚಿಕಿತ್ಸೆ ಪಡೆಯುತ್ತಿರುವ 48ರ ಹರೆಯದ ಮಹಿಳೆಯೊಬ್ಬರನ್ನು ಊಹಿಸಿಕೊಳ್ಳಿ. ಕೈಬೆರಳುಗಳು ಊದಿಕೊಂಡು ಬೆಳಗ್ಗೆ ಚಪಾತಿ ಲಟ್ಟಿಸಲೂ ಆಗದಿದ್ದಾಗ ಅವರ ಇ.ಎಸ್.ಆರ್. 70, ಕೆಟ್ಟ ಕೊಲೆಸ್ಟ್ರಾಲ್ ಎನ್ನಲಾಗುವ ಎಲ್‌ಡಿಎಲ್ 90 ಇತ್ತು. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ ಸೇವಿಸಿ ಆರು ತಿಂಗಳಾದಾಗ ಊತ ಇಳಿಯಿತು, ಇ.ಎಸ್.ಆರ್. 20ಕ್ಕೆ ಬಂತು. ಆದರೆ ಎಲ್‌ಡಿಎಲ್ 120! "ಮಾತ್ರೆಯಿಂದ ಹೃದಯ ಕೆಟ್ಟಿತು" ಎಂದು ಮನೆಯವರು ಔಷಧ ನಿಲ್ಲಿಸಲು ಹೊರಡುತ್ತಾರೆ.

ವಾಸ್ತವದಲ್ಲಿ ಮೊದಲಿನ 90 ಎಂಬ ಅಂಕಿಯೇ ದಾರಿ ತಪ್ಪಿಸುವಂಥದ್ದು. ಉರಿಯೂತ ತೀವ್ರವಾಗಿರುವಾಗ ದೇಹವು ರಕ್ತದಲ್ಲಿನ ಎಲ್‌ಡಿಎಲ್ ಅನ್ನು ಬೇಗ ಬೇಗ ಬಳಸಿ ಮುಗಿಸುತ್ತದೆ. ಒಳ್ಳೆಯ ಕೊಲೆಸ್ಟ್ರಾಲ್ ಎಚ್‌ಡಿಎಲ್ ಕೂಡ ಇಳಿಯುತ್ತದೆ, ಉಳಿದದ್ದು ರಕ್ತನಾಳವನ್ನು ಕಾಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ವರದಿ ಚೆನ್ನಾಗಿ ಕಾಣುತ್ತಿರುವಾಗಲೇ ರಕ್ತನಾಳದ ಒಳಗೋಡೆ ಹಾಳಾಗುತ್ತಿರುತ್ತದೆ. ಉರಿಯೂತ ಶಮನವಾದಾಗ ಎರಡೂ ತಮ್ಮ ಸಹಜ ಮಟ್ಟಕ್ಕೆ ಮರಳುತ್ತವೆ. ಟೊಸಿಲಿಜುಮಾಬ್, ಟೊಫಾಸಿಟಿನಿಬ್ ಔಷಧಗಳಲ್ಲಿ ಈ ಏರಿಕೆ ಇನ್ನೂ ಎದ್ದು ಕಾಣುತ್ತದೆ.

ಆದ್ದರಿಂದ ಕಾಯಿಲೆ ಹತೋಟಿಗೆ ಬಂದ ಮೇಲೆ ಮಾಡಿಸಿದ ಲಿಪಿಡ್ ಪರೀಕ್ಷೆಯನ್ನೇ ನಂಬಬೇಕು. ಏರಿದ್ದನ್ನು ಕಡೆಗಣಿಸಬೇಕೆಂದಲ್ಲ. ಯುರೋಪಿನ ಸಂಧಿವಾತ ತಜ್ಞರ ಮಾರ್ಗಸೂಚಿಯಂತೆ, ಈ ರೋಗಿಗಳಿಗೆ ಸಾಮಾನ್ಯ ಲೆಕ್ಕದಲ್ಲಿ ಬರುವ ಹೃದಯಾಘಾತದ ಅಪಾಯವನ್ನು ಒಂದೂವರೆ ಪಟ್ಟು ಮಾಡಿ ನೋಡಬೇಕು. ಮೇಲಿನ ಮಹಿಳೆಗೆ ರಕ್ತದೊತ್ತಡವೋ ಸಕ್ಕರೆ ಕಾಯಿಲೆಯೋ ಇದ್ದರೆ, 120 ಎಂಬುದಕ್ಕೆ ವೈದ್ಯರು ಸ್ಟಾಟಿನ್ ಮಾತ್ರೆ ಬರೆಯಬಹುದು. ಆದರೆ ಮೆಥೊಟ್ರೆಕ್ಸೇಟ್ ನಿಲ್ಲಿಸಲು ಅದು ಕಾರಣವಲ್ಲ.

ಎಲ್ಲ ಏರಿಕೆಯೂ ಹೀಗೆ ನಿರುಪದ್ರವಿಯಲ್ಲ. ಲೂಪಸ್ ರೋಗ ಕೆರಳಿದಾಗ ಎಚ್‌ಡಿಎಲ್ ಇಳಿದು ಟ್ರೈಗ್ಲಿಸರೈಡ್ ಏರುವುದು ಸಾಮಾನ್ಯ. ಅದರ ಮೇಲೆ ದೀರ್ಘಕಾಲ ಸ್ಟೀರಾಯ್ಡ್ ನುಂಗಿದರೆ ಕೊಬ್ಬು, ಸಕ್ಕರೆ, ತೂಕ ಮೂರೂ ಹೆಚ್ಚುತ್ತವೆ. ಲೂಪಸ್‌ಗೆ ಕೊಡುವ ಹೈಡ್ರಾಕ್ಸಿಕ್ಲೊರೊಕ್ವಿನ್ ಮಾತ್ರ ಎಲ್‌ಡಿಎಲ್ ಅನ್ನು ತುಸು ತಗ್ಗಿಸುತ್ತದೆ. ಸೋರಿಯಾಸಿಸ್‌ನ ಅಸಿಟ್ರೆಟಿನ್ ಟ್ರೈಗ್ಲಿಸರೈಡನ್ನು ಬಹಳ ಏರಿಸಬಲ್ಲದು. ಅದು 500 ದಾಟಿದರೆ ಮೇದೋಜ್ಜೀರಕ ಗ್ರಂಥಿಯ ಊತದ ಭಯವಿದೆ. ಹಾಗಾಗಿ ಅಸಿಟ್ರೆಟಿನ್ ಆರಂಭಕ್ಕೆ ಮುನ್ನ ಮತ್ತು ಆರಂಭದ ವಾರಗಳಲ್ಲಿ ಮತ್ತೆ ಪರೀಕ್ಷೆ ಮಾಡಿಸಲೇಬೇಕು.

ನಮ್ಮ ಯುನಾನಿ ಪದ್ಧತಿಯ ಬಗ್ಗೆಯೂ ಒಂದು ಮಾತು. ಕೀಲುನೋವಿಗೆ ಕೊಡುವ ಸೂರಂಜಾನ್‌ನಲ್ಲಿ ಕಾಲ್ಚಿಸಿನ್ ಎಂಬ ಅಂಶವಿದೆ. ಸ್ಟಾಟಿನ್ ಜೊತೆ ಅದು ಸೇರಿದರೆ ಕೆಲವರಲ್ಲಿ ಸ್ನಾಯುಗಳು ಹಾನಿಗೊಳ್ಳುತ್ತವೆ, ಮೂತ್ರಪಿಂಡ ದುರ್ಬಲವಾಗಿದ್ದವರಲ್ಲಿ ವಿಶೇಷವಾಗಿ. ಮಾಜೂನ್ ಸೂರಂಜಾನ್ ತಿನ್ನುತ್ತಿದ್ದರೆ ಸ್ಟಾಟಿನ್ ಬರೆಯುವ ವೈದ್ಯರಿಗೆ ತಿಳಿಸಿ. ಸ್ಟಾಟಿನ್ ವಿಷಯವನ್ನು ಹಕೀಮರಿಗೂ ಹೇಳಿ. ತೊಡೆ, ತೋಳುಗಳು ಕಾರಣವಿಲ್ಲದೆ ನೋಯತೊಡಗಿ ಮೂತ್ರ ಚಹಾ ಬಣ್ಣಕ್ಕೆ ತಿರುಗಿದರೆ ಅಂದೇ ಆಸ್ಪತ್ರೆಗೆ ಹೋಗಿ.